ಸೊನ್ನೆ ಬಲದ ಸರಳು

ಪ್ರಿಯ ಸಂಪಾದಕರೇ,
ನಾನು ಸಿವಿಲ್ ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿನಿ. ಬಲ, ಸಮತೋಲನ, ರಚನೆಗಳ ಬಗ್ಗೆ ತಲೆಕೆಡಿಸಿಕೊಳ್ಳುವುದು ನನಗೆ ಇಷ್ಟ. ಭೌತಶಾಸ್ತ್ರದ ಒಗಟಿನ ಆಟಗಳಲ್ಲಿ ಯಾವುದನ್ನು ಆಡಲಿ? ಪಾಠಕ್ಕೆ ಅವು ನಿಜವಾಗಿ ಹೊಂದುತ್ತವೆಯೇ?
– ಓದುಗ ವಿದ್ಯಾರ್ಥಿನಿ

ಪ್ರಿಯ ವಿದ್ಯಾರ್ಥಿನಿ,

ಹಕ್ಕಿ ಎಸೆದು ಗೋಡೆ ಉರುಳಿಸುವ ಆಟಗಳನ್ನು ಪಕ್ಕಕ್ಕಿಡಿ. 2008ರಲ್ಲಿ ಬಂದ ‘ವರ್ಲ್ಡ್ ಆಫ್ ಗೂ’ ಒಂದು ವಾರದ ಮಟ್ಟಿಗೆ ಸೊಗಸು. ಅಂಟುಂಡೆಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿ ಗೋಪುರ ಎಬ್ಬಿಸುವಾಗ, ಗುರುತ್ವಕೇಂದ್ರ ತಳಪಾಯದ ಅಂಚು ದಾಟಿದರೆ ಏನಾಗುತ್ತದೆ ಎಂಬುದು ಕಣ್ಣಿಗೆ ರಾಚುತ್ತದೆ. ನಿಮಗೆ ತಕ್ಕದ್ದು ಮಾತ್ರ ಸೇತುವೆ ಕಟ್ಟುವ ಆಟಗಳು. ಅವುಗಳಲ್ಲಿ ‘ಪಾಲಿ ಬ್ರಿಡ್ಜ್’ನಿಂದ ಆರಂಭಿಸಿ. ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇರಲಿ.

ಒಂದು ಸೇತುವೆಯನ್ನು ಕಟ್ಟೋಣ. ಹನ್ನೆರಡು ಮೀಟರ್ ಅಂತರ. ಕೆಳಗೆ ನಾಲ್ಕು ನಾಲ್ಕು ಮೀಟರಿನ ಮೂರು ಸರಳು, ಅವುಗಳ ಕೀಲುಗಳು ಎಡದಿಂದ ಅ, ಬ, ಕ, ಡ. ಪ್ರತಿ ಸರಳಿನ ನಡುವಿಗೆ ನೇರ ಮೇಲೆ, ಒಂದೂವರೆ ಮೀಟರ್ ಎತ್ತರದಲ್ಲಿ ಒಂದೊಂದು ಕೀಲು. ಇವನ್ನು ಮೇಲೆ ಎರಡು ಸರಳುಗಳಿಂದ, ಇಳಿಜಾರಾಗಿ ಆರು ಸರಳುಗಳಿಂದ ಬೆಸೆಯಿರಿ. ಒಂದೊಂದು ಓರೆ ಸರಳಿನ ಉದ್ದ ಎರಡೂವರೆ ಮೀಟರ್.

ಬ ಮತ್ತು ಕ ಕೀಲುಗಳ ಮೇಲೆ ತಲಾ 30 ಕಿಲೋನ್ಯೂಟನ್ ಭಾರವಿದೆ ಎನ್ನಿ. ಎರಡೂ ತುದಿಯ ಆಧಾರಗಳು ತಲಾ 30 ಹೊರುತ್ತವೆ. ಅ ಕೀಲಿನಲ್ಲಿ ಲೆಕ್ಕ ಹಾಕಿದರೆ ಮೊದಲ ಓರೆ ಸರಳಿನಲ್ಲಿ 50ರ ಒತ್ತು, ಕೆಳಗಿನ ಸರಳಿನಲ್ಲಿ 40ರ ಎಳೆತ. ಒಂದೊಂದೇ ಕೀಲು ದಾಟುತ್ತಾ ಹೋದರೆ ಮೇಲಿನ ಸರಳುಗಳಲ್ಲಿ 80ರ ಒತ್ತು, ಕೆಳಗಿನ ನಡುಸರಳಿನಲ್ಲಿ 80ರ ಎಳೆತ. ನಟ್ಟನಡುವಿನ ಎರಡು ಓರೆ ಸರಳುಗಳಲ್ಲಿ? ಸೊನ್ನೆ.

ಹಣ ಉಳಿಸುವ ಆಸೆಗೆ ಬಿದ್ದು ಆ ಸರಳನ್ನು ನಾನೂ ಅಳಿಸಿದ್ದೆ. ಲಾರಿ ಅರ್ಧ ದಾರಿಯಲ್ಲಿ ನೀರಿಗೆ ಬಿತ್ತು. ಏಕೆಂದರೆ ಲಾರಿ ಚಲಿಸುತ್ತದೆ. 30ರ ಭಾರ ಬ ಮೇಲೆ ಮಾತ್ರ ಇದ್ದಾಗ ಬ ಕೀಲಿನಿಂದ ನಡುಗೀಲಿಗೆ ಏರುವ ಸರಳಿನಲ್ಲಿ ಸುಮಾರು 17ರ ಎಳೆತ. ಭಾರ ಕ ಮೇಲೆ ಬಂದಾಗ ಅದೇ ಸರಳಿನಲ್ಲಿ ಅಷ್ಟೇ ಒತ್ತು. ಇದನ್ನು ಆಟದಲ್ಲೇ ಪರೀಕ್ಷಿಸಬಹುದು: ಆ ಸರಳನ್ನು ತೆಗೆದು ಹಗ್ಗ ಕಟ್ಟಿ. ಹಗ್ಗ ಎಳೆಯಬಲ್ಲದು, ತಳ್ಳಲಾರದು. ಲಾರಿ ಬ ಮೇಲಿರುವವರೆಗೆ ಬಿಗಿಯಾಗಿರುತ್ತದೆ, ಕ ತಲುಪುತ್ತಲೇ ಸಡಿಲಗೊಳ್ಳುತ್ತದೆ, ಸೇತುವೆ ಮಡಚಿಕೊಳ್ಳುತ್ತದೆ. ಸರಳು ಹನ್ನೊಂದು, ಆಧಾರದ ಪ್ರತಿಕ್ರಿಯೆ ಮೂರು, ಒಟ್ಟು ಹದಿನಾಲ್ಕು. ಏಳು ಕೀಲುಗಳಿಗೆ ಸಮೀಕರಣಗಳೂ ಹದಿನಾಲ್ಕು. ಒಂದು ಸರಳು ಹೋದರೂ ಅದು ರಚನೆಯಲ್ಲ, ಯಂತ್ರ. ಯಾವ ಸರಳಿನಲ್ಲಿ ಒತ್ತಿದೆ ಎಂಬ ಅನುಮಾನ ಬಂದಾಗಲೆಲ್ಲ ಈ ಹಗ್ಗದ ಉಪಾಯವನ್ನು ಬಳಸಿ.

ಇಷ್ಟರವರೆಗೆ ಆಟ ನಿಮ್ಮ ಪಠ್ಯಕ್ಕೆ ನಿಷ್ಠವಾಗಿದೆ. ಹಾದಿ ತಪ್ಪುವುದು ಎತ್ತರದ ವಿಷಯದಲ್ಲಿ. ಮೇಲಿನ ಕೀಲುಗಳನ್ನು ಮೂರು ಮೀಟರಿಗೆ ಏರಿಸಿದರೆ 80 ಇದ್ದದ್ದು 40ಕ್ಕೆ ಇಳಿಯುತ್ತದೆ. ಮೊದಲ ಓರೆ ಸರಳಿನ ಒತ್ತೂ 50ರಿಂದ 36ಕ್ಕೆ ಬರುತ್ತದೆ. ಲಾಭವೇ ಲಾಭ ಅನ್ನಿಸುತ್ತದೆ. ಆದರೆ ಆ ಓರೆ ಸರಳು ಈಗ 3.6 ಮೀಟರ್ ಉದ್ದ. ಒತ್ತಿಗೆ ಸಿಕ್ಕ ತೆಳು ಸರಳು ಮುರಿಯುವ ಮೊದಲೇ ಪಕ್ಕಕ್ಕೆ ಬಾಗಿ ಸೋಲುತ್ತದೆ. ಆಯ್ಲರ್ ಸೂತ್ರದಂತೆ ಅದು ತಾಳುವ ಬಲ ಉದ್ದದ ವರ್ಗಕ್ಕೆ ವಿಲೋಮ. ಒತ್ತು ಕಾಲು ಭಾಗಕ್ಕಿಂತ ತುಸು ಹೆಚ್ಚು ಇಳಿದರೆ, ತಾಳುವ ಶಕ್ತಿ ಅರ್ಧಕ್ಕೂ ಕೆಳಗೆ ಕುಸಿದಿದೆ. ಬಹುಪಾಲು ಆಟಗಳು ಈ ಬಾಗುವಿಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಸರಳಿನ ಗರಿಷ್ಠ ಉದ್ದಕ್ಕೊಂದು ಮಿತಿ ಹಾಕಿ ಕೈತೊಳೆದುಕೊಳ್ಳುತ್ತವೆ. (ಲಾರಿ ದಾಟಿದ ಮರುಕ್ಷಣ ಸೇತುವೆ ಕುಸಿದರೂ ಗೆಲುವೆಂದು ಒಪ್ಪುವ ಆಟಗಳಿಂದ ಹೆಚ್ಚೇನು ನಿರೀಕ್ಷಿಸುವುದು!) 1907ರಲ್ಲಿ ಕೆನಡಾದ ಕ್ವೆಬೆಕ್ ಸೇತುವೆ ನಿರ್ಮಾಣದ ಹಂತದಲ್ಲೇ ಕುಸಿದು 75 ಮಂದಿ ಸತ್ತರು. ಅಲ್ಲಿ ಮೊದಲು ಸೋತದ್ದು ಕೆಳಅಂಚಿನ, ಒತ್ತಿಗೆ ಸಿಕ್ಕ ಭಾರಿ ಉಕ್ಕಿನ ಭಾಗಗಳು.

ಹಾಗಾಗಿ ಎರಡನೆಯ ಹೆಜ್ಜೆಗೆ ‘ವೆಸ್ಟ್ ಪಾಯಿಂಟ್ ಬ್ರಿಡ್ಜ್ ಡಿಸೈನರ್’ ಹುಡುಕಿ. ಅಮೆರಿಕದ ಸೇನಾ ಅಕಾಡೆಮಿಯಲ್ಲಿ ಪಾಠ ಮಾಡುತ್ತಿದ್ದ ಸ್ಟೀಫನ್ ರೆಸ್ಲರ್ ರೂಪಿಸಿದ ಉಚಿತ ತಂತ್ರಾಂಶವಿದು. ನೋಟಕ್ಕೆ ನೀರಸ, ಸಂಗೀತವಿಲ್ಲ, ನಗು ತರಿಸುವ ವಾಹನಗಳಿಲ್ಲ. ಆದರೆ ಲಾರಿ ಹೋಗುವಾಗ ಒತ್ತಿನ ಸರಳುಗಳು ಕೆಂಪಾಗುತ್ತವೆ, ಎಳೆತದವು ನೀಲಿಯಾಗುತ್ತವೆ. ಸರಳಿನ ಉದ್ದ ಹೆಚ್ಚಿದಂತೆ ಎಳೆತ ತಾಳುವ ಗೆರೆ ನೇರವಾಗಿಯೇ ಇದ್ದು, ಒತ್ತು ತಾಳುವ ಗೆರೆ ಜಾರುವುದನ್ನು ಅದು ನಕ್ಷೆಯಲ್ಲಿ ತೋರಿಸುತ್ತದೆ. ಘನ ಸರಳು ಬೇಕೋ ಟೊಳ್ಳು ಕೊಳವೆ ಬೇಕೋ ಎಂದು ನೀವೇ ಆರಿಸಬೇಕು. ಎಳೆತದ ಕಡೆ ಅಗ್ಗದ ಘನ ಸರಳು ಸಾಕು. ಒತ್ತಿನ ಕಡೆ ಅಷ್ಟೇ ಉಕ್ಕನ್ನು ಕೊಳವೆಯಾಗಿ ಹರಡಿದರೆ ಬಾಗುವುದು ಕಷ್ಟ.

ಮೊದಲು ಮೇಲೆ ಹೇಳಿದ ಬಗೆಯ ಗಿಡ್ಡ ಸೇತುವೆಯನ್ನು ಅಲ್ಲಿ ಕಟ್ಟಿ. ಅನಂತರ ಒಂದೇ ಗಾತ್ರದ ಸರಳುಗಳನ್ನಿಟ್ಟುಕೊಂಡು ಎತ್ತರವನ್ನು ಮೆಲ್ಲಮೆಲ್ಲನೆ ಏರಿಸಿ. ಮೇಲಿನ ಅಂಚು ನಿರಾಳವಾಗುತ್ತಾ ಬಂದು, ಯಾವ ಎತ್ತರದಲ್ಲಿ ತುದಿಯ ಓರೆ ಸರಳು ಎಲ್ಲಕ್ಕಿಂತ ಮೊದಲು ಕೈಕೊಡುತ್ತದೆ ಎಂದು ಗುರುತು ಹಾಕಿಕೊಂಡು ನಮಗೂ ಬರೆಯಿರಿ.

– ಸಂಪಾದಕ