ಮೂರು ಕತಿ, ಒಂದು ಕೊನಿ: ಗಂಟು ಎಲ್ಲಿ ಹಾಕಬೇಕು?

ಪ್ರಶ್ನೆ: “100 ನಿಮಿಷದ ಸ್ಕ್ರಿಪ್ಟ್ ಬರದೇನಿ. ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ಮಾರಿ, ಹೆಂಡ್ತಿ ಆಪರೇಷನ್ನಿಗೆ ರೊಕ್ಕ ತರೋ ರೈತ, ಕಂತು ಬಾಕಿ ಇರೋ ಆಟೋದವ, ಆಸ್ಪತ್ರಿ ಬಿಲ್ ಕೌಂಟರಿನ ಹುಡುಗಿ. ಕಡೀಕ ಚನ್ನಮ್ಮ ಸರ್ಕಲ್ಲಿನ್ಯಾಗ ಅಪಘಾತ, ಮೂವರೂ ಅಲ್ಲೇ ಕೂಡತಾರ. ಓದಿದವರೆಲ್ಲ ‘ಬೇಕಂತ ಕೂಡಿಸಿದಂಗ ಐತಿ’ ಅಂತಾರ. ಏನ್ ಮಾಡ್ಲಿ?”

ಉತ್ತರ:

ಅಪಘಾತ ತಪ್ಪಲ್ರಿ, ಅದು ಬಂದ ಜಾಗ ತಪ್ಪು. ಆಕಸ್ಮಿಕದಿಂದ ತೊಂದರಿ ಶುರುವಾದ್ರ ಪ್ರೇಕ್ಷಕ ಒಪ್ಪತಾನ, ಆಕಸ್ಮಿಕದಿಂದ ತೊಂದರಿ ಮುಗದ್ರ ಒಪ್ಪಂಗಿಲ್ಲ. ಈ ಪ್ರಶ್ನೆಗೆ ಬಂದ ಕಾಮೆಂಟಿನ್ಯಾಗ ಒಬ್ಬ ಹಿರಿಯರು ಮೆಕ್ಸಿಕೋದ ಸಿನಿಮಾ ‘ಅಮೋರೆಸ್ ಪೆರೋಸ್’ (2000) ದಾಗೂ ಕಾರ್ ಅಪಘಾತನ ಐತಲ್ಲ ಅಂದಾರ. ಖರೆ, ಆದ್ರ ಅಲ್ಲಿ ಡಿಕ್ಕಿ ಚಿತ್ರದ ಶುರುವಿನ್ಯಾಗ ಬರತೈತಿ. ಆಮ್ಯಾಲೆ ಒಂದು ಕತಿಯ ನಾಯಿ ಇನ್ನೊಂದು ಕತಿಯ ಮುದುಕನ ಮನಿ ಸೇರತೈತಿ, ಅವನ ಬದುಕು ತಿರುಗೋದು ಆ ನಾಯಿಯಿಂದ. ಡಿಕ್ಕಿ ಮೂರೂ ಕತಿಯನ್ನ ಮುಟ್ಟತೈತಿ ಅಷ್ಟ.

ಇನ್ನೊಬ್ಬರು ‘ಕಥಾಸಂಗಮ’ (1976) ನೋಡ್ರಿ ಅಂದಾರ, ಆ ಮಾತು ಅರ್ಧ ಸರಿ. ಪುಟ್ಟಣ್ಣನವರು ಮೂರು ಕತಿ ಒಂದರ ಹಿಂದ ಒಂದು ಇಟ್ಟಾರ, ಒಂದು ಕತಿ ಇನ್ನೊಂದರ ಕೊನಿ ಬದಲಾಯಿಸಂಗಿಲ್ಲ. ಪಾತ್ರ ಕಟ್ಟೋದು ಕಲೀಲಿಕ್ಕೆ ಛಲೋ, ಗಂಟು ಹಾಕೋದು ಕಲೀಲಿಕ್ಕಲ್ಲ. ಅದಕ್ಕ ತೆಲುಗಿನ ‘ವೇದಂ’ (2010) ನೋಡ್ರಿ. ಎಲ್ಲಾರೂ ಒಂದ ಆಸ್ಪತ್ರಿಗೆ ಬರತಾರ, ಅಲ್ಲಿ ಉಗ್ರರ ದಾಳಿ ಆಗತೈತಿ. ಆದ್ರ ಖರೆ ಗಂಟು ಅದಕ್ಕೂ ಮೊದಲ ಬಿದ್ದಿರತೈತಿ: ಕೇಬಲ್ ಟಿವಿ ಕೆಲಸದ ಹುಡುಗ ಬಡ ಮುದುಕನ ರೊಕ್ಕ ಕದ್ದು, ತಾಳಲಾರದ ವಾಪಸ್ ಕೊಡತಾನ.

ನಿಮ್ಮ ಕತಿಯೊಳಗೂ ಕೈ ಬದಲಾಗೋ ವಸ್ತು ಐತಿ, ರೈತನ ರೊಕ್ಕದ ಚೀಲ. ಚೀಲದಾಗ 1,20,000 ಇರಲಿ, ಆಸ್ಪತ್ರಿಯವರು ಸಂಜಿ 5ರೊಳಗ ಅಷ್ಟೂ ಕಟ್ಟಂದಿರಲಿ. ಸುಮಾರು 20ನೇ ನಿಮಿಷಕ್ಕ ರೈತ ಚೀಲ ಆಟೋದಾಗ ಮರೀಲಿ. ನಿಮಗ ಸಿಗೋ ಆಕಸ್ಮಿಕ ಇದೊಂದ. ಆಟೋದವನ ಮೂರು ಕಂತು ಬಾಕಿ, ಒಟ್ಟು 18,000, ಮಧ್ಯಾಹ್ನದೊಳಗ ಕಟ್ಟಲಿಲ್ಲಂದ್ರ ಫೈನಾನ್ಸಿನವರು ಗಾಡಿ ಎತ್ತತಾರ. ಅವ ಅಷ್ಟ ತಗೊಂಡು ಕಂತು ಕಟ್ಟತಾನ, ಆಮ್ಯಾಲೆ ಮನಸ್ಸು ಕಡೀಲಿಕ್ಕೆ ಹತ್ತಿ ಉಳದ 1,02,000 ಆಸ್ಪತ್ರಿಗೆ ತರತಾನ. ರೈತನ ಮುಖ ನೋಡಲಾರದ ಚೀಲ ಕೌಂಟರಿನ ಹುಡುಗಿ ಕೈಯಾಗ ಇಟ್ಟು ಹೋಗತಾನ. ಆಕೀ ಬ್ಯಾಗಿನ್ಯಾಗ ನರ್ಸಿಂಗ್ ಕೋರ್ಸಿನ ಫೀ 20,000 ಐತಿ, ಅದನ್ನ ಕಟ್ಟಲಿಕ್ಕೂ ಇವತ್ತ ಕಡೀ ದಿನ. ಈಗ ಮೂರೂ ಕತಿ ಕಡಿಮಿ ಬಿದ್ದ ಆ 18,000 ರೂಪಾಯಿ ಮ್ಯಾಲೆ ನಿಂತುವು. ಅಪಘಾತನ ಬ್ಯಾಡ.

ಹಿಂಗ ಬರದ್ರೂ ಕೆಡೋ ಜಾಗ ಎರಡು ಅದಾವ. ಒಂದು, ಚೀಲ ಬಂದಾಗ ರೈತ ಕೌಂಟರಿನ ಮುಂದ ಯಾಕಿಲ್ಲ ಅಂತ ಪ್ರೇಕ್ಷಕ ಕೇಳತಾನ. ಅವ ಆ ಹೊತ್ತಿಗೆ ಪೊಲೀಸ್ ಸ್ಟೇಷನ್ನಿನ್ಯಾಗ ದೂರು ಕೊಡತಿರಬೇಕು, ನಾವು ಅವನನ್ನ ಅಲ್ಲಿ ನೋಡಿರಬೇಕು. ಎರಡು, ಫೀ ಸಂಗತಿ 80ನೇ ನಿಮಿಷಕ್ಕ ಹೇಳಿದ್ರ ಲೇಖಕ ಈಗ ಹೊಸದಾಗಿ ತಂದಂಗ ಕಾಣತೈತಿ. ಮೊದಲ ಕಾಲು ತಾಸಿನ್ಯಾಗ ಹುಡುಗಿ ಅದ ಆಟೋದಾಗ ಕೆಲಸಕ್ಕ ಬರಲಿ, ಹತ್ತು ರೂಪಾಯಿಗೆ ಚೌಕಾಸಿ ಮಾಡಲಿ, ಫೋನಿನ್ಯಾಗ ಫೀ ಮಾತಾಡಲಿ. ಅಂದ್ರ ಆಟೋದವ ಚೀಲ ಈಕೀ ಕೈಯಾಗನ ಯಾಕಿಟ್ಟ ಅನ್ನೋದಕ್ಕೂ ಕಾರಣ ಸಿಗತೈತಿ: ಮುಖ ಗುರುತಿತ್ತು.

ಬರಿಯೋ ಮೊದಲ ಒಂದು ಹಾಳಿ ಮ್ಯಾಲೆ ಕತಿಗೊಂದರಂಗ ಮೂರು ಕಾಲಂ ಹಾಕಿ, ಎಡಕ್ಕ ಬೆಳಗಿನ 8ರಿಂದ ಸಂಜಿ 5ರ ತನಕ ತಾಸು ಬರೀರಿ. ಒಂದೊಂದು ಚೌಕದೊಳಗ ಎರಡ ಸಂಗತಿ: ರೊಕ್ಕ ಯಾರ ಕೈಯಾಗ ಐತಿ, ಯಾರಿಗೆ ಏನು ಗೊತ್ತೈತಿ. ಇದರಾಗ ತಪ್ಪು ತಾನ ಬೀಳತೈತಿ. ಕಂತು ಕಟ್ಟಿದ ತಾಸು ಚೀಲ ಸಿಕ್ಕ ತಾಸಿಗಿಂತ ಮೊದಲ ಇದ್ರ ಎಡಿಟಿಂಗಿನ್ಯಾಗ ಸರಿ ಮಾಡಲಿಕ್ಕಾಗಂಗಿಲ್ಲ. ಆಮ್ಯಾಲೆ ಒಂದು ಕಾಲಂ ಕೈಯಿಂದ ಮುಚ್ಚರಿ. ಉಳದ ಎರಡರ ಕೊನಿ ಹಂಗ ಉಳದ್ರ ಮುಚ್ಚಿದ ಕತಿ ಇನ್ನೂ ಕಟ್ಟಿಲ್ಲ ಅಂತ ತಿಳೀರಿ.

ಒಂದು ಕತಿಯಿಂದ ಇನ್ನೊಂದಕ್ಕ ಹಾರೋದು ಪ್ರಶ್ನೆ ಬಾಕಿ ಇದ್ದಾಗ, ಉತ್ತರ ಸಿಕ್ಕ ಮ್ಯಾಲಲ್ಲ. ಯಾವ ಪಾತ್ರವನ್ನೂ ಹತ್ತು ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಮರಿಗೆ ಇಡಬ್ಯಾಡ್ರಿ, ಪ್ರೇಕ್ಷಕ ಅವರನ್ನ ಮರತಬಿಡತಾನ.

ಹುಡುಗಿ ತನ್ನ ರೊಕ್ಕ ಸೇರಿಸಿ ಪಾವತಿ ಬರೀಬೇಕೋ, ಕಡಿಮಿ ಐತಿ ಅಂತ ರೈತಗ ಹೇಳಬೇಕೋ? ಸೇರಿಸಿದ್ರ ಆಕೀ ದೇವತಿ ಆಗಿಬಿಡತಾಳ ಅಂತ ನನಗ ಅಳಕು. ಅಕ್ಕಾರೊಬ್ಬರು ಕಾಮೆಂಟಿನ್ಯಾಗ “ಸೇರಿಸ್ಲಿ, ಆದ್ರ ರೈತಗ ಎಂದೂ ಗೊತ್ತಾಗಬಾರದು” ಅಂದಾರ. ಅದರಾಗೂ ತೂಕ ಐತಿ, ಆದ್ರ ಆಗ ಆಟೋದವ ಶಿಕ್ಷೆ ಇಲ್ಲದ ಪಾರಾಗತಾನ. ಎರಡೂ ಬರದು ಹಾಕ್ರಿ, ಓದಿ ನೋಡೋಣು.