ತಾಯಿಯ ಬ್ಯಾಂಕ್ ಖಾತೆಯನ್ನು ಪವರ್ ಆಫ್ ಅಟಾರ್ನಿ ಮೂಲಕ ಮಗ ನಡೆಸಬಹುದೇ?

ಪ್ರಶ್ನೆ: ತಾಯಿಗೆ 81 ವರ್ಷ, ವಿರಾಜಪೇಟೆ ಹತ್ತಿರ ತೋಟದ ಮನೆಯಲ್ಲಿದ್ದಾರೆ. ಬ್ಯಾಂಕಿಗೆ ಹೋಗಿ ಬರಲು ಆಗುತ್ತಿಲ್ಲ. ಕಾಫಿ ಹಣ ಅವರ ಖಾತೆಗೇ ಬರುತ್ತದೆ. ತೋಟದ ಜಾಗಕ್ಕಾಗಿ ಹಿಂದೆ ಮಾಡಿಸಿದ ಜಿಪಿಎ ನನ್ನ ಹೆಸರಿನಲ್ಲಿದೆ. ಅದನ್ನೇ ತೋರಿಸಿ ಖಾತೆ ನಡೆಸಬಹುದೇ?

ಉತ್ತರ: ದಕ್ಷಿಣ ಕೊಡಗಿನ ಬ್ಯಾಂಕ್ ಶಾಖೆಯೊಂದರಲ್ಲಿ ಉಳಿತಾಯ ಖಾತೆಗಳ ವಿಭಾಗವನ್ನು ಬಹುಕಾಲ ನೋಡಿಕೊಂಡು ನಿವೃತ್ತನಾಗಿದ್ದೇನೆ. ಇಂಥ ಜಿಪಿಎ ಹಿಡಿದುಕೊಂಡು ಬಂದವರನ್ನು ಹಿಂದಕ್ಕೆ ಕಳುಹಿಸಬೇಕಾದಾಗಲೆಲ್ಲ ನನಗೆ ಬೇಸರವಾಗುತ್ತಿತ್ತು. ಆದರೆ ಕಾರಣ ಗಟ್ಟಿಯಾಗಿತ್ತು. ಪವರ್ ಆಫ್ ಅಟಾರ್ನಿಯಲ್ಲಿ ಬರೆದಷ್ಟೇ ಅಧಿಕಾರ, ಬರೆಯದೆ ಬಿಟ್ಟಿದ್ದು ಇಲ್ಲ ಎಂದೇ ಬ್ಯಾಂಕು ಓದುತ್ತದೆ. ಜಾಗಕ್ಕಾಗಿ ಮಾಡಿಸಿದ ಪತ್ರದಲ್ಲಿ ಕಂದಾಯ ಕಟ್ಟುವುದು, ಸರ್ವೆಗೆ ಹಾಜರಾಗುವುದು, ನ್ಯಾಯಾಲಯದಲ್ಲಿ ವಕಾಲತ್ತಿಗೆ ಸಹಿ ಹಾಕುವುದು ಎಲ್ಲವೂ ಇರುತ್ತದೆ. ಖಾತೆಯಿಂದ ಹಣ ತೆಗೆಯಬಹುದು ಎಂಬ ಒಂದು ಸಾಲು ಮಾತ್ರ ಇರುವುದಿಲ್ಲ. ಆದ್ದರಿಂದ ಬ್ಯಾಂಕಿಗೆಂದೇ ಬೇರೆ ಪತ್ರ ಮಾಡಿಸಿ.

ನೋಟರಿಯ ಬಳಿಗೆ ಹೋಗುವ ಮೊದಲೇ ತಾಯಿಯವರ ಖಾತೆಯಿರುವ ಶಾಖೆಗೆ ಪಾಸ್‌ಬುಕ್ ಸಹಿತ ಹೋಗಿ, ಅವರದೇ ನಮೂನೆ ಇದೆಯೇ, ನೋಟರಿ ಸಾಕೇ ಅಥವಾ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ್ದೇ ಬೇಕೇ ಎಂದು ಕೇಳಿ. ಇದರಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ವ್ಯತ್ಯಾಸವಿದೆ. ಕೆಲವು ಶಾಖೆಗಳು ಪತ್ರವನ್ನು ಮೇಲಿನ ಕಚೇರಿಯ ಕಾನೂನು ವಿಭಾಗಕ್ಕೆ ಕಳುಹಿಸಿ ಒಪ್ಪಿಗೆ ಪಡೆಯುತ್ತವೆ. ಅದಕ್ಕೆ ಸಮಯ ಹಿಡಿಯುವುದರಿಂದ, ಕಾಫಿ ಕೊಯ್ಲು ಶುರುವಾಗಿ ವಾರವಾರದ ಬಟವಾಡೆಗೆ ಹಣ ಬೇಕಾಗುವ ಮುನ್ನವೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಪತ್ರದಲ್ಲಿ ಖಾತೆ ಸಂಖ್ಯೆ, ಶಾಖೆಯ ಹೆಸರು ಸ್ಪಷ್ಟವಾಗಿರಲಿ. ಚೆಕ್ಕಿಗೆ ಸಹಿ ಹಾಕಿ ಹಣ ತೆಗೆಯುವುದು, ಬೇರೆ ಖಾತೆಗೆ ವರ್ಗಾಯಿಸುವುದು, ಸ್ಟೇಟ್‌ಮೆಂಟ್ ಪಡೆಯುವುದು, ಇವನ್ನು ಒಂದೊಂದಾಗಿ ಬರೆಸಿ. ಠೇವಣಿ ಇದ್ದರೆ ಅದನ್ನು ನವೀಕರಿಸುವುದು ಬೇರೆ, ಅವಧಿಗೆ ಮುನ್ನ ಮುರಿಯುವುದು ಬೇರೆ. ಮುರಿಯುವ ಅಧಿಕಾರ ಬೇಕಿದ್ದರೆ ಹಣ ತಾಯಿಯವರ ಉಳಿತಾಯ ಖಾತೆಗೇ ಜಮೆಯಾಗಬೇಕು ಎಂದು ಸೇರಿಸಿ. ಸಾಲ ಪಡೆಯುವ ಅಧಿಕಾರ ಬೇಡವಾದರೆ ಇಲ್ಲವೆಂದೇ ಬರೆಸಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಇರುವ ಮನೆಯಲ್ಲಿ ಈ ಎರಡು ಸಾಲುಗಳು ಮುಂದಿನ ಎಷ್ಟೋ ಮನಸ್ತಾಪವನ್ನು ತಪ್ಪಿಸುತ್ತವೆ.

ತಾಯಿಯವರು ಹೆಬ್ಬೆಟ್ಟು ಒತ್ತುವವರಾದರೆ, ಅಥವಾ ಪತ್ರ ಇಂಗ್ಲಿಷಿನಲ್ಲಿದ್ದು ಅವರಿಗೆ ಆ ಭಾಷೆ ಬಾರದಿದ್ದರೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಯಿತು ಎಂಬ ಒಕ್ಕಣೆ ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಇರಲೇಬೇಕು. ಮನೆಯಲ್ಲಿ ಕೊಡವ ತಕ್ಕ್ ಮಾತ್ರ ಆಡುವ ಹಿರಿಯರಾದರೆ ಕೊಡವ ತಕ್ಕ್‌ನಲ್ಲಿ ಓದಿ ಹೇಳಿದ್ದೆಂದೇ ಬರೆಯಲಿ. ಶಾಖೆಯಲ್ಲಿ ನಾನು ಮಕ್ಕಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಹಿರಿಯರೊಬ್ಬರನ್ನೇ ಮೇಜಿನ ಬಳಿ ಕರೆದು, "ಈ ಕಾಗದದಿಂದ ನಿಮ್ಮ ಮಗ ಏನು ಮಾಡಬಹುದು?" ಎಂದು ಕೇಳುತ್ತಿದ್ದೆ. "ನನ್ನ ದುಡ್ಡು ತೆಗೆದು ಕೂಲಿ ಕೊಡಬಹುದು" ಎಂಬಂಥ ಉತ್ತರ ಬಂದರೆ ನನಗೆ ಸಮಾಧಾನ. "ಅವನು ಹೇಳಿದಲ್ಲಿ ಒತ್ತಿದೆ" ಎಂದರೆ ಅಂದು ಪತ್ರವನ್ನು ಸ್ವೀಕರಿಸುತ್ತಿರಲಿಲ್ಲ. ನಿಮ್ಮ ಶಾಖೆಯವರೂ ಹೀಗೆ ಕೇಳಿದರೆ ದಯವಿಟ್ಟು ಅನುಮಾನವೆಂದು ತಿಳಿಯಬೇಡಿ. ಅದು ನಿಮ್ಮ ತಾಯಿಯವರ ರಕ್ಷಣೆಗಾಗಿ. ಆಮೇಲೆ ಮೂಲ ಪತ್ರ ನೋಡಿ, ಪ್ರತಿ ಇಟ್ಟುಕೊಂಡು, ನಿಮ್ಮ ಕೆವೈಸಿ ದಾಖಲೆ ಮತ್ತು ಮಾದರಿ ಸಹಿ ತೆಗೆದುಕೊಳ್ಳುತ್ತಾರೆ. ಮುಂದೆ ಪ್ರತಿ ಚೆಕ್ಕಿನಲ್ಲೂ ನೀವು ತಾಯಿಯವರ ಪರವಾಗಿ ಎಂದು ನಮೂದಿಸಿ ನಿಮ್ಮದೇ ಸಹಿ ಹಾಕಬೇಕು.

ಇನ್ನು ಅತಿ ಮುಖ್ಯವಾದ ಮಿತಿ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಬುದ್ಧಿಸ್ವಾಧೀನ ಕಳೆದುಕೊಂಡರೆ ಅಧಿಕಾರವೂ ಅಲ್ಲಿಗೇ ಕೊನೆಗೊಳ್ಳುತ್ತದೆ. ಅಂದರೆ ಮರೆವಿನ ಕಾಯಿಲೆ ಬಲಿತ ಮೇಲೆ ಹೊಸ ಪತ್ರ ಮಾಡಿಸಲಾಗದು, ಮಾಡಿಸಿದ್ದ ಹಳೆಯದೂ ನಿಲ್ಲದು. ಆಗ ನ್ಯಾಯಾಲಯದ ಮೂಲಕ ಪಾಲಕರ ನೇಮಕ ಕೇಳಬೇಕಾಗುತ್ತದೆ. ಮರಣಾನಂತರ ಅಂತ್ಯಕ್ರಿಯೆಯ ಖರ್ಚಿಗೆಂದು ಕೂಡ ಈ ಪತ್ರದ ಬಲದಿಂದ ಹಣ ತೆಗೆಯಬಾರದು. ಅಲ್ಲಿಂದ ಮುಂದೆ ನಾಮಿನಿಯ, ನಾಮಿನಿ ಇಲ್ಲದಿದ್ದರೆ ವಾರಸುದಾರರ ಅರ್ಜಿಯೇ ದಾರಿ.

ತಾಯಿಯವರ ಮನಸ್ಸು ಚುರುಕಾಗಿದ್ದು ಕಾಲಿಗೆ ಮಾತ್ರ ಬಲವಿಲ್ಲದಿದ್ದರೆ, ಪವರ್ ಆಫ್ ಅಟಾರ್ನಿ ಬೇಕೇ ಎಂದು ಒಮ್ಮೆ ಯೋಚಿಸಿ. 70 ದಾಟಿದವರಿಗೆ ಮನೆಬಾಗಿಲಿಗೇ ನಗದು ತಲುಪಿಸುವಂಥ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಮಳೆಗಾಲದಲ್ಲಿ ತೋಟದ ಮನೆಯವರೆಗೆ ಅದು ನಿಜವಾಗಿ ಬರುತ್ತದೆಯೇ ಎಂದು ಶಾಖೆಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.

ಕೊಟ್ಟ ಅಧಿಕಾರವನ್ನು ತಾಯಿಯವರು ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂಬುದು ಅವರಿಗೂ ಗೊತ್ತಿರಲಿ. ಹಿಂಪಡೆಯುವುದಾದರೆ ರದ್ದತಿ ಪತ್ರವನ್ನು ಶಾಖೆಗೆ ಕೊಟ್ಟು, ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಬೇಕು. ಆ ಸುದ್ದಿ ತಲುಪುವವರೆಗೆ ಬ್ಯಾಂಕು ನಿಮ್ಮ ಸಹಿಯ ಚೆಕ್ಕುಗಳನ್ನು ಪಾವತಿಸುತ್ತಲೇ ಇರುತ್ತದೆ.