ಲಾಸ್ಟ್ ಸೀನ್ ಎಷ್ಟೊತ್ತಿಗೆ?

(ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಹುಡುಗ ಮತ್ತು ಅವನ ತಾಯಿ ಇಬ್ಬರೂ ಒಪ್ಪಿದ್ದಾರೆ.)

ಹುಡುಗನಿಗೆ 16 ವರ್ಷ. ಎಂಟು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ, ರಾತ್ರಿಯೆಲ್ಲ ಎಚ್ಚರ ಇರ್ತಾನೆ ಎಂದು ಅಮ್ಮ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದಿದ್ದರು. "ಯಾವುದೋ ಹುಡುಗಿ ವಿಷಯ. ಈ ವಯಸ್ಸಲ್ಲಿ ಇದ್ದದ್ದೇ, ಎರಡು ದಿನಕ್ಕೆ ಸರಿಹೋಗ್ತಾನೆ ಅಂದ್ಕೊಂಡೆ" ಎಂದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಹುಡುಗ ಗೋಡೆಯ ಕಡೆ ಮುಖ ತಿರುಗಿಸಿದ.

ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ. ಅವನು ಏನನ್ನೂ ಹೇಳುವ ಮೊದಲೇ ನನ್ನ ನಿಯಮ ಹೇಳಿದೆ. "ನೀನು ಹೇಳಿದ್ದು ನನ್ನ ಹತ್ರಾನೇ ಇರತ್ತೆ. ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದರೆ ಮಾತ್ರ ಅಮ್ಮನಿಗೆ ಹೇಳ್ತೀನಿ. ಅದನ್ನೂ ನಿನಗೆ ತಿಳಿಸಿಯೇ ಹೇಳ್ತೀನಿ." ಮಗು ಎಲ್ಲ ಹೇಳಿಕೊಂಡ ಮೇಲೆ ಈ ಮಾತು ಆಡಿದರೆ ಅದು ನಂಬಿಕೆದ್ರೋಹ ಆಗಿಬಿಡುತ್ತದೆ.

ಏಳು ತಿಂಗಳ ಸ್ನೇಹ. ಅವಳು ಒಂದು ಸಂಜೆ ಮೆಸೇಜ್ ಮಾಡಿ, ಇನ್ನು ಬೇಡ ಅಂದಿದ್ದಳು. ಇಬ್ಬರೂ ಒಂದೇ ತರಗತಿ. ದೊಡ್ಡವರಾದರೆ ಕೆಲವು ದಿನ ಆ ಮುಖ ಕಾಣದ ಹಾಗೆ ಇರಬಹುದು. ಇವನಿಗೆ ಅದೂ ಇಲ್ಲ, ದಿನಾ ಎರಡು ಬೆಂಚು ಮುಂದೆ ಅವಳೇ.

"ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿರತ್ತೆ ಅನ್ಸತ್ತೆ ಮೇಡಂ" ಅಂದ. ಇಂಥ ಮಾತನ್ನು ಕೇಳಿಸದ ಹಾಗೆ ದಾಟಿಸಬಾರದು. "ಸಾಯಬೇಕು ಅನ್ನೋ ಯೋಚನೆ ಬರತ್ತಾ?" ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗತ್ತೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಹೆಚ್ಚಿನ ಮಕ್ಕಳು ಸದ್ಯ ಕೇಳಿದರಲ್ಲ ಎಂದು ಹಗುರಾಗುತ್ತಾರೆ. ಹೇಗೆ ಅಂತ ಯೋಚನೆ ಮಾಡಿದ್ದೀಯಾ, ಯಾವಾಗ ಅಂತ ಅಂದುಕೊಂಡಿದ್ದೀಯಾ, ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ದೀಯಾ, ಮೈಗೆ ಗಾಯ ಮಾಡಿಕೊಂಡಿದ್ದೀಯಾ ಎಂದೂ ಕೇಳಿದೆ. ಯೋಚನೆ ಬರತ್ತೆ ಅಂದ, ಆದರೆ ಕೊನೆಯ ಈ ನಾಲ್ಕಕ್ಕೂ ಇಲ್ಲ ಅಂದ. ಈ ನಾಲ್ಕರಲ್ಲಿ ಒಂದಕ್ಕೆ ಹೌದು ಅಂದಿದ್ದರೂ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ, ಅಲ್ಲಿಯವರೆಗೆ ಒಬ್ಬನನ್ನೇ ಬಿಡುತ್ತಿರಲಿಲ್ಲ.

ಆದರೂ ಅವನ ಎದುರಿಗೇ ಅಮ್ಮನಿಗೆ ವಿಷಯ ಹೇಳಿದೆವು. ಹೇಳುವ ಪದಗಳನ್ನು ಅವನೇ ಆರಿಸಿಕೊಂಡ. ಮನೆಯ ಔಷಧಿಗಳನ್ನೆಲ್ಲ ಬೀಗ ಹಾಕಿ ಇಡಲು ಅಮ್ಮನಿಗೆ ಹೇಳಿದೆ. ಸಂಕಟ ಜಾಸ್ತಿಯಾಗುವ ಮುಂಚಿನ ಸೂಚನೆ ಏನು, ಆಗ ತಾನೊಬ್ಬನೇ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂರಬಹುದು, ಅರ್ಧರಾತ್ರಿಯಲ್ಲಿ ಯಾರನ್ನು ಎಬ್ಬಿಸಬಹುದು, ಅದೂ ಸಾಲದಿದ್ದರೆ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಅವನ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿದೆ. ಎಬ್ಬಿಸುವವರ ಜಾಗದಲ್ಲಿ ಅಮ್ಮನ ಬದಲು ಅಕ್ಕನ ಹೆಸರು ಬರೆದ. ಅಮ್ಮನಿಗೆ ಬೇಜಾರಾಯಿತು. ಆದರೆ ಹಾಳೆ ಅವನದು, ನಾನು ತಿದ್ದಲಿಲ್ಲ.

ರಾತ್ರಿ ಏನು ಮಾಡ್ತೀಯ ಎಂದು ಕೇಳಿದಾಗ ಅಸಲು ವಿಷಯ ಹೊರಬಂತು. ಅವಳು ಇವನನ್ನು ಬ್ಲಾಕ್ ಮಾಡಿರಲಿಲ್ಲ. ಲಾಸ್ಟ್ ಸೀನ್ ಎಷ್ಟೊತ್ತಿಗೆ, ಈಗ ಆನ್‌ಲೈನ್ ಇದ್ದಾಳಾ, ಇದ್ದರೆ ಯಾರ ಜೊತೆ ಮಾತಾಡ್ತಿರಬಹುದು? ಇದೇ ಅವನ ರಾತ್ರಿ. 2010ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಅವರ ಜೊತೆಗಾರರು, ಪ್ರೀತಿಸಿದವರಿಂದ ಬೇಡ ಅನ್ನಿಸಿಕೊಂಡಿದ್ದ 15 ಜನರಿಗೆ ಆ ವ್ಯಕ್ತಿಯ ಫೋಟೊ ತೋರಿಸಿ ಮೆದುಳನ್ನು ಸ್ಕ್ಯಾನ್ ಮಾಡಿದ್ದರು. ಚಟದ ಹಂಬಲದಲ್ಲಿ ಕೆಲಸ ಮಾಡುವ ಭಾಗಗಳು ಅಲ್ಲೂ ಎಚ್ಚೆತ್ತಿದ್ದವು. ಸಣ್ಣ ಅಧ್ಯಯನ, ಅದರಲ್ಲಿ ಇದ್ದವರು ಇವನಿಗಿಂತ ದೊಡ್ಡವರು. ಆದರೂ ಇದನ್ನು ಹೇಳಿದಾಗ ಹುಡುಗ ಮೊದಲ ಸಲ ನೆಟ್ಟಗೆ ಕೂತ. "ಅಂದ್ರೆ ನನಗೆ ಹುಚ್ಚು ಹಿಡಿದಿಲ್ವಾ?"

ಇಲ್ಲಿ ನಾನೊಂದು ತಪ್ಪು ಮಾಡಿದೆ. ಚಟ ಅಂದಮೇಲೆ ಬಿಡಿಸಬೇಕಲ್ಲ, ಅವಳ ನಂಬರ್ ಬ್ಲಾಕ್ ಮಾಡು ಅಂದೆ. ಅವನು ನನ್ನೆದುರಿಗೇ ಮಾಡಿದ. ಅವತ್ತು ರಾತ್ರಿಯೇ ಗೆಳೆಯನ ಫೋನಿನಿಂದ ಅವಳ ಪ್ರೊಫೈಲ್ ನೋಡಿದ. ನಾಚಿಕೆಯಾಗಿ ಮುಂದಿನ ವಾರ ಬರಲೇ ಇಲ್ಲ. ಅಕ್ಕ ಫೋನ್ ಮಾಡಿದ್ದರಿಂದ ನನಗೆ ಗೊತ್ತಾಯಿತು. ಅವನಿಂದ ಆಗದ ಕೆಲಸ ಕೊಟ್ಟು, ಸೋಲಿನ ಮೇಲೆ ಇನ್ನೊಂದು ಸೋಲು ಕೊಟ್ಟಿದ್ದೆ.

ಅವನು ಮತ್ತೆ ಬಂದಾಗ ಮೊದಲು ಕ್ಷಮೆ ಕೇಳಿದೆ. ಆಮೇಲೆ, ನೋಡಬೇಡ ಅನ್ನುವುದನ್ನು ಬಿಟ್ಟು "ನೋಡು, ಆದರೆ ಬರೆದುಕೋ" ಅಂದೆ. ನೋಡುವ ಮುಂಚೆ ಸಂಕಟಕ್ಕೆ ಹತ್ತರಲ್ಲಿ ಎಷ್ಟು, ನೋಡಿದ ಮೇಲೆ ಎಷ್ಟು. ನಾಲ್ಕು ದಿನದ ಹಾಳೆ ತಂದ. 6 ಇದ್ದದ್ದು 8, 5 ಇದ್ದದ್ದು 9. ಇಳಿದದ್ದು ಎರಡೇ ಸಲ, ಅದೂ ಅವಳು ಆಫ್‌ಲೈನ್ ಇದ್ದಾಗ. ಹಾಗೆ ಇಳಿದದ್ದೂ ಅರ್ಧ ಗಂಟೆಯೊಳಗೆ ಮತ್ತೆ ಏರಿತ್ತು. "ನೋಡಿದ್ರೆ ಸಮಾಧಾನ ಆಗತ್ತೆ ಅಂದ್ಕೊಂಡಿದ್ದೆ" ಅಂದ. ಇದನ್ನೇ ನಾನು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಸಣ್ಣದಾಯಿತು. ನೋಡಬೇಕು ಅನ್ನಿಸಿದಾಗ ಹತ್ತು ನಿಮಿಷ ತಡ ಮಾಡುವುದು. ಆ ಹತ್ತು ನಿಮಿಷದಲ್ಲಿ ಮುಖಕ್ಕೆ ತಣ್ಣೀರು ಹಾಕಿಕೊಂಡು, ನಾಲ್ಕು ಎಣಿಸಿ ಉಸಿರು ತೆಗೆದುಕೊಂಡು ಆರು ಎಣಿಸಿ ಬಿಡುವುದು. ತುಂಬಾ ತಣ್ಣನೆಯ ನೀರು ಎದೆಬಡಿತವನ್ನು ನಿಧಾನ ಮಾಡುತ್ತದೆ. ಹಾಗಾಗಿ ಹೃದಯದ ತೊಂದರೆ ಇರುವವರಿಗೆ ಇದನ್ನು ಹೇಳುವುದಿಲ್ಲ, ಇವನಿಗೂ ಮೊದಲು ಕೇಳಿಯೇ ಹೇಳಿದ್ದು. ಹತ್ತು ನಿಮಿಷ ಕಳೆದ ಮೇಲೂ ಬೇಕೆನಿಸಿದರೆ ನೋಡಬಹುದು. ಎಷ್ಟೋ ಸಲ ಅಲೆ ಅಷ್ಟರಲ್ಲಿ ಇಳಿದಿರುತ್ತಿತ್ತು. ಬ್ಲಾಕ್ ತೆಗೆದು ಅವಳ ಚಾಟನ್ನು ಕಣ್ಣಿಗೆ ಬೀಳದ ಕಡೆ ಸರಿಸಿದ. ರಾತ್ರಿ ಫೋನ್ ಅಕ್ಕನ ರೂಮಿನಲ್ಲಿ ಚಾರ್ಜ್ ಆಗುತ್ತಿತ್ತು. ಅಮ್ಮ ಫೋನನ್ನೇ ಕಿತ್ತುಕೊಳ್ಳಲು ಹೊರಟಿದ್ದರು, ಬೇಡ ಅಂದೆ. ಅವನ ಸ್ನೇಹಿತರೆಲ್ಲ ಇದ್ದದ್ದೂ ಅದರಲ್ಲೇ ಅಲ್ವಾ.

ಆ ಸ್ನೇಹಿತರ ಬಗ್ಗೆಯೂ ಒಂದು ಮಾತು. ಅವಳ ಹಳೆಯ ಚಾಟಿನ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕು ಎಂದು ಒಬ್ಬ ಹುರಿದುಂಬಿಸಿದ್ದ. ನೋವಿನಲ್ಲಿರುವ ಹುಡುಗನನ್ನು ಎಲ್ಲರೂ ಪಾಪ ಅನ್ನುತ್ತಾರೆ, ಸಿಟ್ಟಿನ ಬಗ್ಗೆ ಕೇಳುವುದೇ ಇಲ್ಲ. ನಾನು ಕೇಳಿದೆ. ಹಾಕಿರಲಿಲ್ಲ, ಆದರೆ ಒಂದು ಸಂಜೆ ಅವಳ ಮನೆ ತಿರುವಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದ. "ಒಂದೇ ಸಲ ಕಾರಣ ಹೇಳಲಿ ಸಾಕು" ಅಂದ. ಅವಳ ಜಾಗದಲ್ಲಿ ನಿನ್ನ ಅಕ್ಕ ಇದ್ದು, ಕಿಟಕಿಯಿಂದ ಹೀಗೆ ಒಬ್ಬ ನಿಂತಿರುವುದನ್ನು ಕಂಡರೆ ಅವಳಿಗೆ ಏನನ್ನಿಸತ್ತೆ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಬೇಡ ಅಂದದ್ದೇ ಅವಳ ಉತ್ತರ, ಕಾರಣ ಕೊಡಲೇಬೇಕು ಎಂದೇನಿಲ್ಲ ಎಂದು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದೆ. ಅವಳಿಗೆ ಹೇಳಬೇಕೆಂದಿದ್ದನ್ನೆಲ್ಲ ಪತ್ರವಾಗಿ ಬರೆದು ತಂದ, ನಾಲ್ಕು ಪುಟ. ಗಟ್ಟಿಯಾಗಿ ಓದಿದ, ಅತ್ತ. ಕಳಿಸಲಿಲ್ಲ.

ಏಳನೇ ಭೇಟಿಯ ಹೊತ್ತಿಗೆ ನಿದ್ದೆ ಬರುತ್ತಿತ್ತು, ಸಾಯುವ ಯೋಚನೆ ಎರಡು ವಾರದಿಂದ ಬಂದಿರಲಿಲ್ಲ. ಪ್ರತಿ ಭೇಟಿಯಲ್ಲೂ ಅದನ್ನು ಕೇಳುತ್ತಿದ್ದೆ. ತರಗತಿಯಲ್ಲಿ ಅವಳು ನಕ್ಕರೆ ಈಗಲೂ ಹೊಟ್ಟೆ ಹಿಂಡುತ್ತದೆ ಅಂದ. ಮುಂದಿನ ತಿಂಗಳು ಅವಳ ಹುಟ್ಟುಹಬ್ಬ. ಅವತ್ತು ಅಲೆ ದೊಡ್ಡದಾಗಿಯೇ ಬರುತ್ತದೆ ಎಂದು ಇಬ್ಬರಿಗೂ ಗೊತ್ತು. ಆ ಸಂಜೆ ಫೋನ್ ಎಲ್ಲಿರಬೇಕು, ಅವನು ಯಾರ ಜೊತೆ ಇರಬೇಕು ಎಂದು ಈಗಲೇ ಬರೆದಿಟ್ಟಿದ್ದೇವೆ. ಮಾರನೇ ದಿನ ಬೆಳಿಗ್ಗೆ ನನ್ನ ಹತ್ತಿರ ಅವನಿಗೊಂದು ಅಪಾಯಿಂಟ್‌ಮೆಂಟ್ ಇದೆ.